ಹೊಸ ಆವೃತ್ತಿ ಕಾಯಲಿ, ಭದ್ರತಾ ತೇಪೆ ಕಾಯದಿರಲಿ: ವಿಂಡೋಸ್ ಅಪ್‌ಡೇಟ್‌ಗಳ ಎರಡು ಬಗೆ

ದಾವಣಗೆರೆಯಂಥ ಊರಿನಲ್ಲಿ ಐದು ಕಂಪ್ಯೂಟರ್‌ಗಳಿರುವ ಒಬ್ಬ ಲೆಕ್ಕಪರಿಶೋಧಕರ ಕಚೇರಿ ಇದೆ ಎಂದಿಟ್ಟುಕೊಳ್ಳೋಣ. ತೆರಿಗೆ ಲೆಕ್ಕಪರಿಶೋಧನಾ ವರದಿ ಸಲ್ಲಿಸಲು ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆಯ ದಿನ. ಆ ಹೊತ್ತಿಗೆ ಕಚೇರಿಯ ಪ್ರತಿಯೊಂದು ಯಂತ್ರದಲ್ಲೂ ಕಕ್ಷಿದಾರರ ಲೆಕ್ಕಗಳು ತೆರೆದುಕೊಂಡಿರುತ್ತವೆ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ. ಆ ಟೋಕನ್‌ನ ಡ್ರೈವರ್ ಒಂದು ದಿನ ಕೆಲಸ ಮಾಡದಿದ್ದರೂ ವರದಿ ಸಲ್ಲಿಕೆ ನಿಂತುಹೋಗುತ್ತದೆ. ಈಗ ಇನ್ನೆರಡು ದಿನಾಂಕಗಳನ್ನು ನೋಡಿ. ವಿಂಡೋಸ್ 11ರ 24H2 ಆವೃತ್ತಿ ಬಿಡುಗಡೆಯಾದದ್ದು 2024ರ ಅಕ್ಟೋಬರ್ 1ರಂದು. ಅದರ ಮುಂದಿನ 25H2 ಬಂದದ್ದು 2025ರ ಸೆಪ್ಟೆಂಬರ್ 30ರಂದು. ಮೈಕ್ರೋಸಾಫ್ಟ್‌ನ ಕ್ಯಾಲೆಂಡರಿಗೂ ನಮ್ಮ ಆದಾಯ ತೆರಿಗೆಯ ಕ್ಯಾಲೆಂಡರಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಈ ಎರಡು ವರ್ಷಗಳಲ್ಲೂ ಅವು ಒಂದೇ ವಾರದಲ್ಲಿ ಎದುರಾಗಿವೆ.

ಇಂಥ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಸೆಪ್ಟೆಂಬರ್ ಆರಂಭದಲ್ಲಿ ಯಾರೋ ಒಬ್ಬರು ಸೆಟ್ಟಿಂಗ್ಸ್‌ಗೆ ಹೋಗಿ ‘Pause updates’ ಎಂಬಲ್ಲಿ ಐದು ವಾರವನ್ನು ಆರಿಸಿ ನಿಶ್ಚಿಂತರಾಗುತ್ತಾರೆ. ಹೊಸ ಆವೃತ್ತಿ ಬರುವುದಿಲ್ಲ, ನಿಜ. ಆದರೆ ಅದರೊಂದಿಗೆ ಆ ತಿಂಗಳ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ, ಏಕೆಂದರೆ ಆ ಗುಂಡಿ ಎರಡನ್ನೂ ಒಟ್ಟಿಗೆ ತಡೆಯುತ್ತದೆ. 2025ರ ಸೆಪ್ಟೆಂಬರ್ 5ರಂದು ಐದು ವಾರಕ್ಕೆ ತಡೆ ಹಾಕಿದವರ ಯಂತ್ರಕ್ಕೆ, ಸೆಪ್ಟೆಂಬರ್ 9ರಂದು ಬಿಡುಗಡೆಯಾದ ತೇಪೆಗಳು ಅಕ್ಟೋಬರ್ 10ರವರೆಗೆ ತಲುಪಿರಲಿಲ್ಲ. ನೂರಾರು ಜನರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಸಹಿ ಎಲ್ಲವೂ ಇರುವ ಯಂತ್ರ ಒಂದು ತಿಂಗಳಿಗೂ ಹೆಚ್ಚು ಕಾಲ, ಲೋಕಕ್ಕೆಲ್ಲ ಗೊತ್ತಾಗಿರುವ ದೋಷಗಳೊಂದಿಗೆ ಅಂತರ್ಜಾಲದಲ್ಲಿತ್ತು ಎಂದರ್ಥ. ಇಷ್ಟೆಲ್ಲ ಬೆಲೆ ತೆರಬೇಕಾದ ಅಗತ್ಯವಿರಲಿಲ್ಲ. ವಿಂಡೋಸ್‌ನಲ್ಲಿ ಅಪ್‌ಡೇಟ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ವಸ್ತುಗಳಿವೆ, ಮತ್ತು ಒಂದನ್ನು ತಡೆದು ಇನ್ನೊಂದನ್ನು ಬಿಡುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ತಾನೇ ಒದಗಿಸಿದೆ.

ಎರಡರ ವ್ಯತ್ಯಾಸವನ್ನು ಕಣ್ಣಾರೆ ಕಾಣಬೇಕಾದರೆ ವಿಂಡೋಸ್ ಕೀ ಮತ್ತು R ಅನ್ನು ಒಟ್ಟಿಗೆ ಒತ್ತಿ, `winver` ಎಂದು ಬರೆದು ಎಂಟರ್ ಕೊಡಿ. ಸಣ್ಣ ಕಿಟಕಿಯೊಂದು ತೆರೆದು, ಅದರಲ್ಲಿ ಆವೃತ್ತಿಯ ಹೆಸರೂ ಬಿಲ್ಡ್ ಸಂಖ್ಯೆಯೂ ಕಾಣಿಸುತ್ತವೆ. 24H2 ಇರುವ ಯಂತ್ರದಲ್ಲಿ ಬಿಲ್ಡ್ ಸಂಖ್ಯೆ 26100 ಎಂದು ಶುರುವಾಗಿ, ಚುಕ್ಕೆಯೊಂದರ ನಂತರ ಇನ್ನೊಂದು ಸಂಖ್ಯೆ ಇರುತ್ತದೆ. ಚುಕ್ಕೆಯ ಎಡಗಡೆಯ ಸಂಖ್ಯೆ ಬದಲಾದರೆ ಬಂದದ್ದು ಫೀಚರ್ ಅಪ್‌ಡೇಟ್, ಅಂದರೆ ಹೊಸ ಆವೃತ್ತಿ: 23H2 ಆಗಿದ್ದಾಗ ಅದು 22631, 24H2ರಲ್ಲಿ 26100, 25H2ರಲ್ಲಿ 26200. ಎಡಗಡೆಯದು ಹಾಗೆಯೇ ಉಳಿದು ಬಲಗಡೆಯ ಸಂಖ್ಯೆ ಮಾತ್ರ ಏರಿದರೆ ಬಂದದ್ದು ಕ್ವಾಲಿಟಿ ಅಪ್‌ಡೇಟ್, ಅಂದರೆ ಅದೇ ಆವೃತ್ತಿಗೆ ಹಾಕಿದ ತೇಪೆ. ಈ ಲೇಖನದ ಉದ್ದಕ್ಕೂ ನಮ್ಮ ಗುರಿಯನ್ನು ಈ ಸಂಖ್ಯೆಯ ಭಾಷೆಯಲ್ಲೇ ಹೇಳಬಹುದು: ಚುಕ್ಕೆಯ ಎಡಗಡೆ ನಾವು ಹೇಳುವವರೆಗೆ ಅಲ್ಲಾಡಬಾರದು, ಬಲಗಡೆ ಮಾತ್ರ ಪ್ರತಿ ತಿಂಗಳೂ ಏರುತ್ತಲೇ ಇರಬೇಕು.

ಕ್ವಾಲಿಟಿ ಅಪ್‌ಡೇಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಸಮಯದಲ್ಲಿ ಅದು ಬೆಳಿಗ್ಗೆ 10 ಗಂಟೆ. ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ಹೀಗಾಗಿ ನಮ್ಮ ಕಚೇರಿಗಳ ಪಾಲಿಗೆ ಅದು ಬುಧವಾರ ಬೆಳಿಗ್ಗೆಯ ಅಪ್‌ಡೇಟ್. ಇದರ ಒಂದು ಗುಣವನ್ನು ತಿಳಿದಿರಬೇಕು. ಇದು ಸಂಚಿತವಾದದ್ದು: ಈ ತಿಂಗಳ ಕಟ್ಟಿನಲ್ಲಿ ಹಿಂದಿನ ಎಲ್ಲ ತಿಂಗಳುಗಳ ತಿದ್ದುಪಡಿಗಳೂ ಸೇರಿರುತ್ತವೆ. ವಿಂಡೋಸ್ 7ರ ಕಾಲದಲ್ಲಿ ಬೇಕಾದ ತೇಪೆಯನ್ನು ಆರಿಸಿಕೊಂಡು ಬೇಡವಾದದ್ದನ್ನು ಬಿಡುವ ಅಭ್ಯಾಸ ಹಲವರಿಗಿತ್ತು. ವಿಂಡೋಸ್ 10 ಬಂದಾಗಿನಿಂದ ಅದಕ್ಕೆ ಅವಕಾಶವಿಲ್ಲ. ತಿಂಗಳ ಕಟ್ಟನ್ನು ಇಡಿಯಾಗಿ ಒಪ್ಪಬೇಕು, ಇಲ್ಲವೇ ಇಡಿಯಾಗಿ ಬಿಡಬೇಕು. ತಿಂಗಳ ಕೊನೆಯ ಕಡೆಗೆ ‘ಪ್ರಿವ್ಯೂ’ ಎಂಬ ಹೆಸರಿನಲ್ಲಿ ಬರುವ ಐಚ್ಛಿಕ ಕಟ್ಟು ಮಾತ್ರ ಬೇರೆ. ಅದರಲ್ಲಿ ಹೊಸ ಭದ್ರತಾ ತಿದ್ದುಪಡಿ ಇರುವುದಿಲ್ಲವಾದ್ದರಿಂದ ಕೆಲಸದ ಯಂತ್ರದಲ್ಲಿ ಅದನ್ನು ಮುಟ್ಟದೆ ಬಿಟ್ಟರೆ ನಷ್ಟವೇನಿಲ್ಲ.

ಫೀಚರ್ ಅಪ್‌ಡೇಟ್ ವರ್ಷಕ್ಕೊಮ್ಮೆ ಬರುತ್ತದೆ. ಅದರ ಪೂರ್ಣರೂಪದಲ್ಲಿ ಅದು ತೇಪೆಯಲ್ಲ, ಕಾರ್ಯಾಚರಣ ವ್ಯವಸ್ಥೆಯ ಮರುಸ್ಥಾಪನೆ. ಹಳೆಯ ವಿಂಡೋಸನ್ನು `Windows.old` ಎಂಬ ಫೋಲ್ಡರಿಗೆ ಸರಿಸಿ, ಹೊಸ ವಿಂಡೋಸನ್ನು ಆ ಜಾಗದಲ್ಲಿ ಇಟ್ಟು, ನಿಮ್ಮ ಕಡತ, ಪ್ರೋಗ್ರಾಂ ಮತ್ತು ಡ್ರೈವರ್‌ಗಳನ್ನು ಅದರೊಳಕ್ಕೆ ಸಾಗಿಸಲಾಗುತ್ತದೆ. 23H2ನಿಂದ 24H2ಗೆ ಹೋದವರು ಅನುಭವಿಸಿದ್ದು ಇದನ್ನು. ಈ ಸಾಗಾಟದಲ್ಲೇ ಟೋಕನ್‌ನ ಡ್ರೈವರ್, ಹಳೆಯ ಪ್ರಿಂಟರ್‌ನ ತಂತ್ರಾಂಶದಂಥವು ಎಡವುವ ಸಂಭವ ಹೆಚ್ಚು. ಇನ್ನೊಂದು ಹಗುರವಾದ ರೂಪವೂ ಇದೆ. 24H2 ಮತ್ತು 25H2ಗಳ ಒಳಗಿನ ಕಡತಗಳು ಬಹುಪಾಲು ಒಂದೇ. 25H2ರ ಹೊಸ ಅಂಶಗಳು ತಿಂಗಳ ಕಟ್ಟುಗಳ ಮೂಲಕ 24H2ರೊಳಗೆ ಮೊದಲೇ ಬಂದು ಮಲಗಿರುತ್ತವೆ, ಎನೇಬಲ್‌ಮೆಂಟ್ ಪ್ಯಾಕೇಜ್ ಎಂಬ ಸಣ್ಣ ಕಟ್ಟು ಬಂದು ಅವುಗಳನ್ನು ಎಬ್ಬಿಸುತ್ತದೆ. ಒಂದು ಮರುಚಾಲನೆಯಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ‘ಹೊಸ ಆವೃತ್ತಿ’ ಎಂದೊಡನೆ ಒಂದೇ ಪ್ರಮಾಣದ ಅಪಾಯವನ್ನು ಊಹಿಸಬಾರದು; ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಮೊದಲು ನೋಡಬೇಕು.

ಹಳೆಯ ಆವೃತ್ತಿಯಲ್ಲೇ ಉಳಿದರೆ ಭದ್ರತೆ ಕಡಿಮೆಯಾಗುವುದಿಲ್ಲವೇ ಎಂಬುದು ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ. ಆ ಆವೃತ್ತಿಗೆ ಬೆಂಬಲ ಇರುವವರೆಗೆ ಇಲ್ಲ. ಒಂದು ದೋಷ ಪತ್ತೆಯಾದಾಗ ಮೈಕ್ರೋಸಾಫ್ಟ್ ಅದರ ತಿದ್ದುಪಡಿಯನ್ನು ಹೊಸ ಆವೃತ್ತಿಗೆ ಮಾತ್ರವಲ್ಲ, ಬೆಂಬಲದಲ್ಲಿರುವ ಪ್ರತಿಯೊಂದು ಆವೃತ್ತಿಗೂ ಅದೇ ಮಂಗಳವಾರ ಕೊಡುತ್ತದೆ. ಹೋಮ್ ಮತ್ತು ಪ್ರೊ ಎಡಿಶನ್‌ಗಳಿಗೆ ವಿಂಡೋಸ್ 11ರ ಪ್ರತಿ ಆವೃತ್ತಿಯ ಬೆಂಬಲ ಎರಡು ವರ್ಷ, ಎಂಟರ್‌ಪ್ರೈಸ್ ಮತ್ತು ಎಜುಕೇಶನ್‌ಗೆ ಮೂರು ವರ್ಷ. 24H2ರ ಪ್ರೊ ಮತ್ತು ಹೋಮ್‌ಗೆ ಕೊನೆಯ ದಿನ 2026ರ ಅಕ್ಟೋಬರ್ 13. ಅದೂ ಒಂದು ಎರಡನೆಯ ಮಂಗಳವಾರವೇ. 25H2ಗೆ 2027ರ ಅಕ್ಟೋಬರ್ 12. ಹೊಸ ಆವೃತ್ತಿ ವರ್ಷಕ್ಕೊಮ್ಮೆ ಬರುತ್ತದೆ, ಕೈಯಲ್ಲಿರುವ ಆವೃತ್ತಿ ಎರಡು ವರ್ಷ ಬಾಳುತ್ತದೆ ಎಂದರೆ, ಹೊಸದು ಬಂದ ಮೇಲೂ ಸುಮಾರು ಒಂದು ವರ್ಷ ಹಳೆಯದರಲ್ಲಿ ಪೂರ್ಣ ರಕ್ಷಣೆಯೊಂದಿಗೆ ಕೂರುವ ಹಕ್ಕು ನಮಗಿದೆ. ಮುಂದೂಡುವುದೆಂದರೆ ಈ ಒಂದು ವರ್ಷದೊಳಗೆ ನಮಗೆ ಅನುಕೂಲವಾದ ವಾರವನ್ನು ನಾವೇ ಆರಿಸಿಕೊಳ್ಳುವುದು.

ಆವೃತ್ತಿಯನ್ನು ತುಸು ತಡೆದು ತೆಗೆದುಕೊಳ್ಳುವುದು ಅಂಜುಬುರುಕತನವಲ್ಲ ಎಂಬುದಕ್ಕೆ 2018ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷದ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಿಡುಗಡೆಯಾಯಿತು. ಮೊದಲು ಅದು ದೊರೆತದ್ದು ತಾವಾಗಿಯೇ ‘Check for updates’ ಗುಂಡಿ ಒತ್ತಿದವರಿಗೆ. ಡಾಕ್ಯುಮೆಂಟ್ಸ್‌ನಂಥ ಫೋಲ್ಡರನ್ನು C ಡ್ರೈವಿನಿಂದ D ಡ್ರೈವಿಗೆ ಸ್ಥಳಾಂತರಿಸಿ, ಆದರೆ ಒಂದಷ್ಟು ಕಡತಗಳನ್ನು ಹಳೆಯ ಜಾಗದಲ್ಲೇ ಬಿಟ್ಟಿದ್ದವರ ಯಂತ್ರಗಳಲ್ಲಿ ಆ ಅಪ್‌ಡೇಟ್, ಹಳೆಯ ಫೋಲ್ಡರ್ ಖಾಲಿ ಇದೆಯೆಂದು ಭಾವಿಸಿ, ಒಳಗಿದ್ದ ಕಡತಗಳ ಸಮೇತ ಅದನ್ನು ಅಳಿಸಿಹಾಕಿತು. ನಾಲ್ಕೇ ದಿನಗಳಲ್ಲಿ ಮೈಕ್ರೋಸಾಫ್ಟ್ ವಿತರಣೆಯನ್ನು ನಿಲ್ಲಿಸಿ, ತಿದ್ದಿದ ಆವೃತ್ತಿಯನ್ನು ನವೆಂಬರ್ 13ರಂದು ಮತ್ತೆ ಬಿಟ್ಟಿತು. ತೊಂದರೆಗೀಡಾದವರು ಪ್ರಮಾಣದಲ್ಲಿ ಬಹಳ ಕಡಿಮೆ. ಆದರೆ ಆರು ವಾರ ಕಾದಿದ್ದವರಿಗೆ ಆ ಅಪಾಯವೇ ಎದುರಾಗಲಿಲ್ಲ. C ಡ್ರೈವ್ ತುಂಬಿತೆಂದು ಫೋಲ್ಡರ್‌ಗಳನ್ನು D ಡ್ರೈವಿಗೆ ಸರಿಸುವುದು ನಮ್ಮ ಕಚೇರಿಗಳಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು ಬಲ್ಲವರಿಗೆ ಈ ಪ್ರಸಂಗ ದೂರದ್ದೆನಿಸುವುದಿಲ್ಲ.

ತೇಪೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಅದರ ಹಿಂದಿನ ವರ್ಷದ ಪ್ರಸಂಗವನ್ನು ನೋಡಬೇಕು. ವಿಂಡೋಸ್‌ನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷವೊಂದಕ್ಕೆ MS17-010 ಎಂಬ ಹೆಸರಿನ ತಿದ್ದುಪಡಿ 2017ರ ಮಾರ್ಚ್ 14ರಂದು ಬಂತು. ಅದೇ ದೋಷವನ್ನು ಬಳಸಿಕೊಂಡು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಮೇ 12ರಂದು. ನಡುವೆ ಇದ್ದದ್ದು 59 ದಿನ. ತೇಪೆ ಹಾಕಿಕೊಂಡಿದ್ದ ಯಂತ್ರಗಳಿಗೆ ಅದು ಆ ದೋಷದ ಮೂಲಕ ನುಗ್ಗಲಾಗಲಿಲ್ಲ. ತೇಪೆ ಬಿಡುಗಡೆಯಾದ ಕ್ಷಣದಿಂದ ಅದು ದಾಳಿಕೋರರಿಗೂ ದೋಷ ಎಲ್ಲಿದೆಯೆಂದು ತೋರುವ ನಕ್ಷೆಯಾಗುತ್ತದೆ. ಹಳೆಯ ಕಡತವನ್ನೂ ಹೊಸದನ್ನೂ ಹೋಲಿಸಿ ಏನು ಬದಲಾಗಿದೆಯೆಂದು ಅವರು ಕಂಡುಕೊಳ್ಳುತ್ತಾರೆ. ಆವೃತ್ತಿ ಕಾದಷ್ಟೂ ಪಕ್ವವಾಗುತ್ತದೆ, ತೇಪೆ ಕಾದಷ್ಟೂ ಅಪಾಯ ಬೆಳೆಯುತ್ತದೆ. ಎರಡಕ್ಕೂ ಒಂದೇ ಗುಂಡಿಯನ್ನು ಒತ್ತುವುದು ತಪ್ಪಾಗುವುದು ಇದರಿಂದಲೇ.

ಇನ್ನು ಉಪಾಯಕ್ಕೆ ಬರೋಣ. ಪ್ರೊ, ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಎಡಿಶನ್‌ಗಳಲ್ಲಿ ಎರಡು ದಾರಿಗಳಿವೆ. ಮೊದಲನೆಯದು ದಿನಗಳ ಲೆಕ್ಕದ್ದು: ಫೀಚರ್ ಅಪ್‌ಡೇಟನ್ನು ಗರಿಷ್ಠ 365 ದಿನ, ಕ್ವಾಲಿಟಿ ಅಪ್‌ಡೇಟನ್ನು ಗರಿಷ್ಠ 30 ದಿನ ಮುಂದೂಡುವಂತೆ ಪ್ರತ್ಯೇಕವಾಗಿ ಹೇಳಬಹುದು. ದಿನಗಳ ಎಣಿಕೆ ಶುರುವಾಗುವುದು ಆವೃತ್ತಿ ಬಿಡುಗಡೆಯಾದ ದಿನದಿಂದ, ನೀವು ಸೆಟ್ಟಿಂಗ್ ಬದಲಿಸಿದ ದಿನದಿಂದಲ್ಲ. ಇದರಲ್ಲಿ ಒಂದು ತೊಡಕಿದೆ. ಅರ್ಧ ವರ್ಷ ಸಾಕೆಂದು 180 ದಿನ ಕೊಟ್ಟವರಿಗೆ 25H2ರ ತಡೆ ಮುಗಿಯುವುದು 2026ರ ಮಾರ್ಚ್ 29ರಂದು. ಸೆಪ್ಟೆಂಬರ್‌ನ ಗಡಿಬಿಡಿಯನ್ನು ತಪ್ಪಿಸಹೋಗಿ ಆರ್ಥಿಕ ವರ್ಷದ ಕೊನೆಯ ಮೂರು ದಿನಗಳಿಗೆ ತಂದು ನಿಲ್ಲಿಸಿದಂತಾಯಿತು! ಹಾಗಾಗಿ ಸಣ್ಣ ಕಚೇರಿಗಳಿಗೆ ಎರಡನೆಯ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ದಿನಗಳನ್ನು ಎಣಿಸುವುದಿಲ್ಲ, ಆವೃತ್ತಿಯ ಹೆಸರನ್ನೇ ಬರೆದಿಡುತ್ತೇವೆ: ಈ ಯಂತ್ರ ವಿಂಡೋಸ್ 11ರ 24H2ರಲ್ಲಿ ಇರತಕ್ಕದ್ದು, ಅದನ್ನು ದಾಟತಕ್ಕದ್ದಲ್ಲ. ಹೀಗೆ ಹೆಸರು ಕೊಟ್ಟಾಗ ಫೀಚರ್ ಅಪ್‌ಡೇಟಿನ ದಿನಗಳ ಲೆಕ್ಕ ಅನ್ವಯವಾಗುವುದಿಲ್ಲ, ಆದ್ದರಿಂದ ಎರಡನ್ನೂ ಒಟ್ಟಿಗೆ ತುಂಬಿ ಗೊಂದಲ ಮಾಡಿಕೊಳ್ಳಬೇಕಾಗಿಲ್ಲ. ತಿಂಗಳ ತೇಪೆಗಳು ಮಾತ್ರ ಎಂದಿನಂತೆ ಬರುತ್ತಿರುತ್ತವೆ.

ನಮ್ಮ ಕಚೇರಿಯ ಐದು ಯಂತ್ರಗಳಲ್ಲಿ ನಾಲ್ಕು ಪ್ರೊ, ಮುಂಭಾಗದ ಮೇಜಿನದು ಹೋಮ್ ಎಂದಿಟ್ಟುಕೊಂಡು, ಮೊದಲು ಪ್ರೊ ಯಂತ್ರಗಳನ್ನು ನೋಡೋಣ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಲಾಗಿನ್ ಆಗಿ `winver` ಮೂಲಕ ಈಗಿನ ಆವೃತ್ತಿಯನ್ನೂ ಚುಕ್ಕೆಯ ನಂತರದ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ನಂತರ ವಿಂಡೋಸ್ ಕೀ ಮತ್ತು R ಒತ್ತಿ `gpedit.msc` ತೆರೆದರೆ ಗ್ರೂಪ್ ಪಾಲಿಸಿಯ ಕಿಟಕಿ ಬರುತ್ತದೆ. ಅದರ ಎಡಭಾಗದಲ್ಲಿ ಹಂತಹಂತವಾಗಿ ಈ ಜಾಗಕ್ಕೆ ಇಳಿಯಬೇಕು:

```
Computer Configuration
 > Administrative Templates
 > Windows Components
 > Windows Update
 > Manage updates offered from Windows Update
```

ಅಲ್ಲಿ ‘Select the target Feature Update version’ ಎಂಬ ಸಾಲನ್ನು ತೆರೆದು ‘Enabled’ ಆರಿಸಿದರೆ ಎರಡು ಖಾಲಿ ಜಾಗಗಳು ಕಾಣುತ್ತವೆ. ಮೊದಲನೆಯದು ವಿಂಡೋಸ್‌ನ ಹೆಸರಿಗೆ; ಅಲ್ಲಿ `Windows 11` ಎಂದು ಬರೆಯಬೇಕು. ಎರಡನೆಯದು ಆವೃತ್ತಿಗೆ; ಅಲ್ಲಿ `24H2` ಎಂದಷ್ಟೇ. ಬಿಲ್ಡ್ ಸಂಖ್ಯೆಯನ್ನಾಗಲಿ, ‘version’ ಎಂಬ ಪದವನ್ನಾಗಲಿ ಸೇರಿಸಬಾರದು. ಸರಿಯಲ್ಲದ ಹೆಸರು ಬರೆದರೆ ತಪ್ಪಾಗಿದೆಯೆಂದು ಕಿಟಕಿ ಎಚ್ಚರಿಸುವುದಿಲ್ಲ. ನೀವು ಅದನ್ನು ತಿದ್ದುವವರೆಗೆ ಯಾವ ಫೀಚರ್ ಅಪ್‌ಡೇಟೂ ಬರದೆ ಇರುತ್ತದೆ, ಅಷ್ಟೆ. ಈಗೇನೋ ಅದು ನಮಗೆ ಬೇಕಾದ ಫಲದಂತೆಯೇ ಕಾಣುತ್ತದೆ, ಮುಂದಿನ ವರ್ಷ ಆವೃತ್ತಿ ಬದಲಿಸಲು ಹೊರಟಾಗ ಮಾತ್ರ ತೊಡಕು ತಿಳಿಯುತ್ತದೆ.

ಗ್ರೂಪ್ ಪಾಲಿಸಿಯ ಕಿಟಕಿ ಮಾಡುವ ಕೆಲಸವೆಂದರೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಮೂರು ಮೌಲ್ಯಗಳನ್ನು ಬರೆಯುವುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅವನ್ನೇ ನೇರವಾಗಿಯೂ ಬರೆಯಬಹುದು. ನಾಲ್ಕು ಯಂತ್ರಗಳಲ್ಲಿ ಒಂದೇ ಕೆಲಸ ಮಾಡುವಾಗ ಇದರಲ್ಲಿ ಬೆರಳು ತಪ್ಪುವ ಸಂಭವ ಕಡಿಮೆ:

```
set K=HKLM\SOFTWARE\Policies\Microsoft\Windows\WindowsUpdate
reg add %K% /v TargetReleaseVersion /t REG_DWORD /d 1 /f
reg add %K% /v ProductVersion /t REG_SZ /d "Windows 11" /f
reg add %K% /v TargetReleaseVersionInfo /t REG_SZ /d "24H2" /f
```

ಗ್ರೂಪ್ ಪಾಲಿಸಿಯ ದಾರಿಯಲ್ಲಿ ಬಂದವರು `gpupdate /force` ಕೊಟ್ಟರೆ ನೀತಿ ಕೂಡಲೇ ಜಾರಿಯಾಗುತ್ತದೆ. ಎರಡೂ ದಾರಿಗಳಲ್ಲಿ ಒಮ್ಮೆ ಮರುಚಾಲನೆ ಮಾಡುವುದು ಒಳ್ಳೆಯದು. ಈಗ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ, ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬರ್ಥದ ಸಾಲೊಂದು ಕಾಣಿಸಿಕೊಳ್ಳಬಹುದು. ಇದನ್ನು ಕಂಡು ಯಂತ್ರಕ್ಕೆ ಯಾರೋ ಕನ್ನ ಹಾಕಿದ್ದಾರೆಂದು ಗಾಬರಿಗೊಂಡವರಿದ್ದಾರೆ. ಆ ಸಂಸ್ಥೆ ನೀವೇ. ಅದೇ ಪುಟದ ‘Advanced options’ ಒಳಗೆ ‘Configured update policies’ ಎಂಬಲ್ಲಿ ನೀವು ಹಾಕಿದ ನೀತಿಯ ಹೆಸರು ಕಾಣಬೇಕು. ಕಾಣದಿದ್ದರೆ ಅದು ಜಾರಿಗೆ ಬಂದಿಲ್ಲ.

ಆದರೆ ನಿಜವಾದ ಪರೀಕ್ಷೆ ಆ ಪುಟದಲ್ಲಿಲ್ಲ, ಮುಂದಿನ ತಿಂಗಳ ಎರಡನೆಯ ಮಂಗಳವಾರದ ಮರುದಿನದಲ್ಲಿದೆ. ಅಂದು ಅಪ್‌ಡೇಟ್ ಬಂದು ಯಂತ್ರ ಮರುಚಾಲನೆಯಾದ ಮೇಲೆ ಮತ್ತೆ `winver` ತೆರೆದು ಕಾಗದದ ಸಂಖ್ಯೆಯೊಂದಿಗೆ ಹೋಲಿಸಿ. 26100 ಹಾಗೆಯೇ ಇದ್ದು ಚುಕ್ಕೆಯ ನಂತರದ ಸಂಖ್ಯೆ ಏರಿದ್ದರೆ ವ್ಯವಸ್ಥೆ ಸರಿಯಾಗಿದೆ. ಎರಡೂ ಬದಲಾಗದಿದ್ದರೆ ಯಾರೋ ‘Pause’ ಒತ್ತಿದ್ದಾರೆ, ಅಥವಾ ಡೇಟಾ ಉಳಿಸಲೆಂದು ಸಂಪರ್ಕವನ್ನು ‘Metered’ ಎಂದು ಗುರುತಿಸಿದ್ದಾರೆ, ಅಥವಾ ಹಿಂದೆಂದೋ ಅಪ್‌ಡೇಟ್ ಸೇವೆಯನ್ನೇ ನಿಷ್ಕ್ರಿಯಗೊಳಿಸಿದ್ದಾರೆ. ಕಂಪ್ಯೂಟರ್ ನಿಧಾನವಾಗಿದೆ ಎಂದಾಗ ರಿಪೇರಿಯವರು ಮೊದಲು ಮಾಡುವ ಕೆಲಸ ಅನೇಕ ಊರುಗಳಲ್ಲಿ ಈ ಕೊನೆಯದೇ ಆದ್ದರಿಂದ ಅದನ್ನು ವಿಶೇಷವಾಗಿ ಹೇಳಿದೆ. ಎಡಗಡೆಯ ಸಂಖ್ಯೆಯೇ ಬದಲಾಗಿದ್ದರೆ ಯಾರೋ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಅಥವಾ ಪೆನ್‌ಡ್ರೈವ್ ಮೂಲಕ ಕೈಯಾರೆ ಹೊಸ ಆವೃತ್ತಿ ಹಾಕಿದ್ದಾರೆಂದು ಊಹಿಸಬಹುದು, ಏಕೆಂದರೆ ನಮ್ಮ ನೀತಿ ತಡೆಯುವುದು ವಿಂಡೋಸ್ ಅಪ್‌ಡೇಟಿನ ಮೂಲಕ ಬರುವುದನ್ನು ಮಾತ್ರ.

ಹೋಮ್ ಎಡಿಶನ್‌ನ ಯಂತ್ರಕ್ಕೆ ಈ ನೀತಿಗಳಿಲ್ಲ. `gpedit.msc` ಅದರಲ್ಲಿ ಇಲ್ಲ, ಮೇಲಿನ ರಿಜಿಸ್ಟ್ರಿ ಮೌಲ್ಯಗಳಿಗೂ ಅಲ್ಲಿ ಮೈಕ್ರೋಸಾಫ್ಟ್‌ನ ಬೆಂಬಲವಿಲ್ಲ. ಆದರೂ ಪರಿಸ್ಥಿತಿ 2018ರಷ್ಟು ಕೆಟ್ಟದಾಗಿಲ್ಲ. 2019ರಿಂದೀಚೆಗೆ ಹೊಸ ಆವೃತ್ತಿ ಸಿದ್ಧವಾದಾಗ ಅದು ಅಪ್‌ಡೇಟ್ ಪುಟದಲ್ಲಿ ಪ್ರತ್ಯೇಕ ಸಾಲಾಗಿ, ‘Download and install’ ಎಂಬ ತನ್ನದೇ ಗುಂಡಿಯೊಂದಿಗೆ ಕಾಣಿಸಿಕೊಳ್ಳುತ್ತದೆ. ಆ ಗುಂಡಿಯನ್ನು ಮುಟ್ಟದಿದ್ದರೆ ತಿಂಗಳ ತೇಪೆಗಳು ಬರುತ್ತಿರುತ್ತವೆ, ಆವೃತ್ತಿ ಕಾಯುತ್ತಿರುತ್ತದೆ. ಕೈಯಲ್ಲಿರುವ ಆವೃತ್ತಿಯ ಬೆಂಬಲ ಮುಗಿಯುವ ಕಾಲ ಸಮೀಪಿಸಿದಾಗ ಮಾತ್ರ ಮೈಕ್ರೋಸಾಫ್ಟ್ ತಾನಾಗಿ ಹೊಸದನ್ನು ಹಾಕತೊಡಗುತ್ತದೆ. ಅದು ಯಾವ ವಾರ ಎಂಬ ನಿರ್ಧಾರ ಮಾತ್ರ ನಿಮ್ಮ ಕೈಯಲ್ಲಿಲ್ಲ. ಹೋಮ್ ಬಳಕೆದಾರರು ಮಾಡಬಹುದಾದ ಮುಖ್ಯ ಕೆಲಸವೆಂದರೆ ‘Get the latest updates as soon as they’re available’ ಎಂಬ ಸ್ವಿಚ್ ಆಫ್ ಆಗಿದೆಯೇ ಎಂದು ನೋಡಿಕೊಳ್ಳುವುದು. ಹೆಸರು ಕೇಳಲು ಜವಾಬ್ದಾರಿಯುತವಾಗಿದ್ದರೂ ಭದ್ರತೆಗೆ ಅದರ ಅಗತ್ಯವಿಲ್ಲ. ಹೊಸ ಅಂಶಗಳು ಮತ್ತು ಹೊಸ ಆವೃತ್ತಿ ಎಲ್ಲರಿಗಿಂತ ಮೊದಲು ನನಗೆ ಬರಲಿ ಎಂದು ಸಾಲಿನ ಮುಂದೆ ನಿಲ್ಲುವ ಸ್ವಿಚ್ ಅದು. ಸಹಿಯ ಟೋಕನ್ ಬಳಸುವ ಯಂತ್ರ ಹೋಮ್ ಎಡಿಶನ್‌ನದಾಗಿದ್ದರೆ ಅದನ್ನು ಪ್ರೊಗೆ ಏರಿಸುವುದಕ್ಕಿಂತ, ಟೋಕನ್‌ನ ಕೆಲಸವನ್ನು ಪ್ರೊ ಇರುವ ಯಂತ್ರಕ್ಕೆ ಸರಿಸುವುದು ಅಗ್ಗ.

ಎರಡು ಬಗೆಗಳ ನಡುವಿನ ಗೆರೆ ಮೇಲೆ ಹೇಳಿದಷ್ಟು ಸ್ವಚ್ಛವಾಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ವಿಂಡೋಸ್ 11ರಲ್ಲಿ ಹೊಸ ಅಂಶಗಳು ವರ್ಷಕ್ಕೊಮ್ಮೆ ಮಾತ್ರವಲ್ಲ, ತಿಂಗಳ ಕಟ್ಟುಗಳ ಜೊತೆಯಲ್ಲೂ ಸ್ವಲ್ಪಸ್ವಲ್ಪವಾಗಿ ಬರುತ್ತವೆ. ಆದ್ದರಿಂದ 24H2ಗೆ ಕಟ್ಟಿಹಾಕಿದ ಯಂತ್ರದಲ್ಲೂ ಒಂದು ಬುಧವಾರ ಬೆಳಿಗ್ಗೆ ಟಾಸ್ಕ್‌ಬಾರ್ ತುಸು ಬೇರೆಯಾಗಿ ಕಂಡರೆ ನೀತಿ ವಿಫಲವಾಗಿದೆ ಎಂದಲ್ಲ. ಹಾಗೆಯೇ ಭದ್ರತಾ ತಿದ್ದುಪಡಿಯೇ ಕೆಲಸಕ್ಕೆ ಅಡ್ಡಿಯಾಗುವ ಸಂದರ್ಭವೂ ಉಂಟು. 2021ರ ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಕರೆಯಲಾದ ದೋಷ ಬಹಿರಂಗವಾದಾಗ ಮೈಕ್ರೋಸಾಫ್ಟ್ ಎರಡನೆಯ ಮಂಗಳವಾರಕ್ಕೂ ಕಾಯದೆ ಜುಲೈ 6ರಂದೇ ತುರ್ತು ತೇಪೆ ಬಿಟ್ಟಿತು; ಆಗಸ್ಟ್‌ನ ಕಟ್ಟು ಬಂದ ಮೇಲೆ, ಪ್ರಿಂಟರ್ ಡ್ರೈವರ್ ಹಾಕಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಗಿ, ನೆಟ್‌ವರ್ಕ್ ಪ್ರಿಂಟರ್ ಬಳಸುವ ಅನೇಕ ಕಚೇರಿಗಳಲ್ಲಿ ಮುದ್ರಣ ಕೈಕೊಟ್ಟಿತು. ಇದಕ್ಕೆ ಮದ್ದು ತೇಪೆಯನ್ನು ತಿಂಗಳುಗಟ್ಟಲೆ ತಡೆಯುವುದಲ್ಲ, ಯಂತ್ರಗಳ ನಡುವೆ ಕೆಲವೇ ದಿನಗಳ ಅಂತರ ಇಡುವುದು. ನಾಲ್ಕು ಪ್ರೊ ಯಂತ್ರಗಳಲ್ಲಿ ಒಂದಕ್ಕೆ ತೇಪೆ ಕೂಡಲೇ ಬರಲಿ. ಉಳಿದ ಮೂರರಲ್ಲಿ ಅದೇ ಗ್ರೂಪ್ ಪಾಲಿಸಿಯ ‘Select when Quality Updates are received’ ಎಂಬ ಸಾಲಿನಲ್ಲಿ 3 ದಿನ ಎಂದು ಕೊಡಿ. ಮೊದಲ ಯಂತ್ರದಲ್ಲಿ ಗುರುವಾರದೊಳಗೆ ಟೋಕನ್, ಪ್ರಿಂಟರ್, ಲೆಕ್ಕದ ತಂತ್ರಾಂಶ ಮೂರೂ ನಡೆದರೆ ಉಳಿದವುಗಳ ಬಗ್ಗೆ ಚಿಂತೆಯಿಲ್ಲ. ಇಲ್ಲಿ 30 ದಿನ ಎಂಬ ಗರಿಷ್ಠ ಮಿತಿ ಇದೆಯೆಂದು ಅದನ್ನೇ ತುಂಬಿದರೆ, ಲೇಖನದ ಆರಂಭದಲ್ಲಿ ಹೇಳಿದ ‘Pause’ ಗುಂಡಿಯ ತಪ್ಪಿಗೇ ಮರಳಿದಂತೆ.

ಈ ಅಂತರದಿಂದ ಎಲ್ಲ ಬಗೆಯ ಅನಾಹುತಗಳೂ ತಪ್ಪುವುದಿಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತು, ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟ ದಿನವನ್ನು ಹಲವರು ವಿಂಡೋಸ್ ಅಪ್‌ಡೇಟಿನ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ತನ್ನದೇ ದಾರಿಯಲ್ಲಿ ಕಳುಹಿಸಿಕೊಂಡ ಕಡತದಿಂದ ಆದದ್ದು. ವಿಂಡೋಸ್‌ನ ಯಾವ ನೀತಿಯೂ ಅದನ್ನು ತಡೆಯುತ್ತಿರಲಿಲ್ಲ.

ಹೆಸರು ಬರೆದಿಟ್ಟು ಮರೆತುಬಿಡುವುದು ಈ ಉಪಾಯದ ದೊಡ್ಡ ಅಪಾಯ. 2026ರ ಅಕ್ಟೋಬರ್ 13ರಂದು 24H2ರ ಬೆಂಬಲ ಮುಗಿದಾಗಲೂ ನೀತಿಯಲ್ಲಿ ಅದೇ ಹೆಸರಿದ್ದರೆ ಏನಾಗುತ್ತದೆಂಬುದನ್ನು ಮೈಕ್ರೋಸಾಫ್ಟ್ ಮೊದಲೇ ತಿಳಿಸಿದೆ: ಬೆಂಬಲ ಮುಗಿದು 60 ದಿನ ಕಳೆದ ಮೇಲೆ ಯಂತ್ರ ತಾನಾಗಿ ಹೊಸ ಆವೃತ್ತಿಗೆ ಹೋಗುತ್ತದೆ. ಅಂದರೆ ಡಿಸೆಂಬರ್ 12ರ ಸುಮಾರಿಗೆ, ಮುಂಗಡ ತೆರಿಗೆಯ ಮೂರನೆಯ ಕಂತಿಗೆ ಮೂರು ದಿನ ಇರುವಾಗ. ಅದಕ್ಕಿಂತ ಗಂಭೀರವಾದದ್ದು ನಡುವಿನ ಆ 60 ದಿನ: ನವೆಂಬರ್ 10 ಮತ್ತು ಡಿಸೆಂಬರ್ 8ರ ತೇಪೆಗಳು ಆ ಯಂತ್ರಕ್ಕೆ ಬರುವುದಿಲ್ಲ. ಹಾಗಾಗಿ ನೀತಿ ಹಾಕಿದ ದಿನವೇ, ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲಸ ಹಗುರವಾಗಿರುವ ಒಂದು ವಾರಕ್ಕೆ ಗುರುತು ಹಾಕುವುದೂ ಅದೇ ಕೆಲಸದ ಭಾಗ. ಲೆಕ್ಕಪರಿಶೋಧಕರಿಗೆ ಜನವರಿಯ ಕೊನೆಯ ವಾರ ಹೊಂದಬಹುದು. ಅಷ್ಟರಲ್ಲಿ ಹೊಸ ಆವೃತ್ತಿಗೆ ಸುಮಾರು ನಾಲ್ಕು ತಿಂಗಳು ತುಂಬಿ, ಮೊದಮೊದಲ ದೋಷಗಳು ಬಹುಪಾಲು ಹೊರಬಂದಿರುತ್ತವೆ.

ಆ ವಾರ ಬಂದಾಗ ಮಾಡಬೇಕಾದದ್ದು ಸ್ವಲ್ಪವೇ. ಡೇಟಾದ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಟ್ಟುಕೊಂಡು, ಒಂದೇ ಒಂದು ಯಂತ್ರದಲ್ಲಿ ಮೊದಲು `24H2` ಎಂಬುದನ್ನು ಅಳಿಸಿ `25H2` ಎಂದು ಬರೆದು, ಅಪ್‌ಡೇಟ್ ಹುಡುಕಲು ಹೇಳಬೇಕು. ಹೊಸ ಆವೃತ್ತಿಯ ಜೊತೆ ಆ ಯಂತ್ರದ ಯಾವುದಾದರೂ ಡ್ರೈವರ್ ಹೊಂದುವುದಿಲ್ಲವೆಂದು ಮೈಕ್ರೋಸಾಫ್ಟ್‌ಗೆ ಮೊದಲೇ ತಿಳಿದಿದ್ದರೆ ಅದು ಸೇಫ್‌ಗಾರ್ಡ್ ಹೋಲ್ಡ್ ಎಂಬ ತಡೆ ಹಾಕಿರುತ್ತದೆ, ಆಗ ಆವೃತ್ತಿ ಬರುವುದೇ ಇಲ್ಲ. ಆ ತಡೆಯನ್ನು ಪೆನ್‌ಡ್ರೈವ್ ಮೂಲಕ ದಾಟಲು ಹೋಗಬಾರದು. ಬಂದ ಮೇಲೆ ಟೋಕನ್‌ನಿಂದ ಒಂದು ಸಹಿ ಹಾಕಿ, ಒಂದು ಪುಟ ಮುದ್ರಿಸಿ, ವಾರವೊಂದು ನೋಡಿ, ಉಳಿದ ಮೂರರಲ್ಲೂ ಹೆಸರು ಬದಲಿಸಬೇಕು. 24H2ನಿಂದ 25H2ಗೆ ಹೋದವರಿಗೆ ಹಿಂತಿರುಗುವ ದಾರಿ ಸುಲಭ: ಎನೇಬಲ್‌ಮೆಂಟ್ ಪ್ಯಾಕೇಜನ್ನು ‘Update history’ ಒಳಗಿನ ‘Uninstall updates’ ಪಟ್ಟಿಯಿಂದ ಬೇರೆ ತೇಪೆಗಳಂತೆಯೇ ತೆಗೆಯಬಹುದು. 23H2ನಿಂದ ಪೂರ್ಣ ಮರುಸ್ಥಾಪನೆಯ ಮೂಲಕ ಬಂದವರಿಗೆ ಮಾತ್ರ ಹಿಂತಿರುಗಲು 10 ದಿನಗಳ ಗಡುವಿದೆ, ಆಮೇಲೆ `Windows.old` ತಾನಾಗಿ ಅಳಿಸಿಹೋಗುತ್ತದೆ. ಹತ್ತು ದಿನದಲ್ಲಿ ಒಂದು ಜಿಎಸ್‌ಟಿ ಚಕ್ರವೂ ಪೂರ್ತಿಯಾಗುವುದಿಲ್ಲವಾದ್ದರಿಂದ, ಆವೃತ್ತಿ ಬದಲಾದ ದಿನವೇ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಆ ಗಡುವನ್ನು ಹಿಗ್ಗಿಸಿಕೊಳ್ಳಬೇಕು. 60 ದಿನದವರೆಗೆ ಅವಕಾಶವಿದೆ, ಡಿಸ್ಕಿನಲ್ಲಿ ಜಾಗವಿದ್ದರೆ 30 ಸಾಕು.

```
DISM /Online /Set-OSUninstallWindow /Value:30
```

ಈ 30 ದಿನಗಳ ನಡುವೆ ಸಾಮಾನ್ಯವಾಗಿ ಒಂದು ಎರಡನೆಯ ಮಂಗಳವಾರ ಬರುತ್ತದೆ. ಅದರ ಮರುದಿನ ಬೆಳಿಗ್ಗೆ ಮತ್ತೆ `winver` ತೆರೆದು, ಹಳೆಯ ಕಾಗದದಲ್ಲಿ 26100 ಎಂಬುದನ್ನು ಹೊಡೆದುಹಾಕಿ, 26200 ಎಂದೂ ಚುಕ್ಕೆಯ ನಂತರದ ಹೊಸ ಸಂಖ್ಯೆಯನ್ನೂ ಬರೆದುಕೊಂಡರೆ ಆ ವರ್ಷದ ಕೆಲಸ ಮುಗಿಯಿತು.